ಎರಡು ಹೊಳೆ, ಮೂವರು ರೈಡರುಗಳು, 41 ಮನೆಗಳ ಮೀನು: ಸ್ಲಾಟ್ ಕಟ್ಟಿದ ಬಗೆ

ನನ್ನ ಭಾವನವರದು ಮಂಗಳೂರಿನ ವೆಲೆನ್ಸಿಯಾ ಬಳಿ ಮೀನಿನ ವ್ಯಾಪಾರ. ಅಂಗಡಿಗೆ ಬಂದು ಕೊಳ್ಳುವವರಿಗಿಂತ ಮನೆಗೆ ತರಿಸಿಕೊಳ್ಳುವವರೇ ಈಗ ಹೆಚ್ಚು. ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಎಂದು ಬರೆದು ಕಳುಹಿಸುತ್ತಾರೆ. ಬೆಳಗ್ಗೆ ದಕ್ಕೆಯಿಂದ ಮೀನು ಬರುತ್ತದೆ, ಇಬ್ಬರು ಹೆಂಗಸರು ಕೊಯ್ದು ಶುಚಿ ಮಾಡುತ್ತಾರೆ, ರೈಡರುಗಳು ಒಯ್ಯುತ್ತಾರೆ. ಮೂವರು ರೈಡರುಗಳಲ್ಲಿ ಇಬ್ಬರದು ಸ್ಕೂಟರ್, ಒಬ್ಬರದು ಗೂಡ್ಸ್ ರಿಕ್ಷಾ. ವಾರದ ದಿನಗಳಲ್ಲಿ ಹೇಗೋ ಸಾಗುತ್ತಿತ್ತು. ಭಾನುವಾರ ಬಂತೆಂದರೆ ಹತ್ತು ಗಂಟೆಯಿಂದ ಫೋನು ಬಡಿದುಕೊಳ್ಳಲು ಶುರು: "ಒಂಬತ್ತರ ಒಳಗೆ ಎಂದಿದ್ದಿರಿ, ಮಸಾಲೆ ಕಡೆದಿಟ್ಟು ಕೂತಿದ್ದೇವೆ."

ಭಾವನ ಪುಸ್ತಕದಲ್ಲಿ ಸ್ಲಾಟ್ ಇತ್ತು, ಆದರೆ ಅದು ಗ್ರಾಹಕರ ಇಷ್ಟವನ್ನು ಗುರುತು ಹಾಕಿಕೊಳ್ಳುವ ಅಂಕಣ ಮಾತ್ರವಾಗಿತ್ತು. ಯಾರು ಯಾವ ಹೊತ್ತು ಕೇಳಿದರೂ "ಆಯಿತು" ಎಂಬ ಉತ್ತರ. ಬೆಳಗ್ಗೆ ರೈಡರುಗಳು ಪುಸ್ತಕ ನೋಡಿ ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು: ಇದು ನಿನ್ನ ಕಡೆಗೆ, ಇದು ನನ್ನ ಕಡೆಗೆ. ರೂಟ್ ಸರಿಯಿಲ್ಲ, ಅದನ್ನು ಕಂಪ್ಯೂಟರಿನಲ್ಲಿ ಹಾಕಿಕೊಡು ಎಂದು ಭಾವ ನನ್ನನ್ನು ಕರೆದರು. ಆದರೆ ರೂಟ್ ಕೆಡುತ್ತಿದ್ದದ್ದು ಬೆಳಗ್ಗೆ ಅಲ್ಲ, ಹಿಂದಿನ ರಾತ್ರಿ. ತೊಕ್ಕೊಟ್ಟಿನ ಒಂದು ಮನೆಗೆ 7.30, ಅದರ ಪಕ್ಕದ ಬೀದಿಗೆ 10.30 ಎಂದು ಒಪ್ಪಿಕೊಂಡ ಮೇಲೆ ಯಾವ ತಂತ್ರಾಂಶ ಬಂದರೂ ನೇತ್ರಾವತಿ ಸೇತುವೆಯನ್ನು ಎರಡು ಸಲ ದಾಟಲೇಬೇಕು. ಹಾಗಾಗಿ ಕೆಲಸವನ್ನು ಸ್ಲಾಟಿನಿಂದ ಆರಂಭಿಸಿದೆ.

ಒಂದು ಮನೆಗೆ ಎಷ್ಟು ನಿಮಿಷ

ಮೊದಲು ಅಳತೆ ಬೇಕಿತ್ತು. ರೈಡರುಗಳ ಮೊಬೈಲಿನಲ್ಲಿ ಎರಡೇ ಗುಂಡಿಗಳಿರುವ ಒಂದು ಪುಟ ಮಾಡಿಕೊಟ್ಟೆ: "ತಲುಪಿದೆ", "ಹೊರಟೆ". ಒತ್ತಿದ ಕ್ಷಣದ ಹೊತ್ತು ಮತ್ತು ಜಿಪಿಎಸ್ ಜಾಗ ದಾಖಲಾಗುತ್ತದೆ, ಅಷ್ಟೆ. ಕೆಲವು ವಾರ ಇದನ್ನು ನಡೆಸಿದಾಗ ಕಂಡದ್ದು ಹೀಗಿದೆ. ಒಂಟಿ ಮನೆಯಾದರೆ ಸ್ಕೂಟರ್ ನಿಲ್ಲಿಸಿ, ಗೇಟು ತಟ್ಟಿ, ಪೊಟ್ಟಣ ಕೊಟ್ಟು, ಹಣ ಬಂದದ್ದು ನೋಡಿಕೊಂಡು ಹೊರಡಲು ಸುಮಾರು 4 ನಿಮಿಷ. ಫ್ಲ್ಯಾಟ್ ಆದರೆ 5 ನಿಮಿಷ, ಆದರೆ ಅದರ ಒಳಲೆಕ್ಕ ಬೇರೆ. ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆದು, ಲಿಫ್ಟಿಗೆ ಕಾಯುವುದಕ್ಕೇ 3 ನಿಮಿಷ ಹೋಗುತ್ತದೆ. ಬಾಗಿಲಿನಲ್ಲಿ ಕಳೆಯುವುದು 2 ನಿಮಿಷ ಮಾತ್ರ. ಒಂದೇ ಕಟ್ಟಡದಲ್ಲಿ ಮೂರು ಮನೆಗಳಿದ್ದರೆ ಮೊದಲಿನ 3 ನಿಮಿಷ ಒಂದೇ ಸಲ, ಒಟ್ಟು 9 ನಿಮಿಷ. ಬೇರೆ ಬೇರೆ ಹೊತ್ತಿಗೆ ಹೋದರೆ 15. ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆಯ ಕಟ್ಟಡಗಳಲ್ಲಿ ಒಬ್ಬರು ತರಿಸಿದ್ದನ್ನು ನೋಡಿ ಇನ್ನಿಬ್ಬರು ತರಿಸುವುದು ಸಾಮಾನ್ಯವಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ದಾಖಲಾದ ಜಿಪಿಎಸ್ ಜಾಗದಿಂದ ಇನ್ನೊಂದು ಉಪಕಾರವಾಯಿತು. ನಮ್ಮ ವಿಳಾಸಗಳು ಹೇಗಿರುತ್ತವೆ ಎಂಬುದು ಗೊತ್ತೇ ಇದೆ: ದೈವಸ್ಥಾನದ ಹಿಂದೆ, ನಾಗಬನದ ಎದುರಿನ ಓಣಿ, ಕೊನೆಯ ಮನೆ. ಗ್ರಾಹಕರು ಕಳುಹಿಸುವ ಪಿನ್ ಕೂಡ ಪೂರ್ತಿ ನಂಬುವಂತಿಲ್ಲ. ಗುಡ್ಡದ ಮೇಲಿನ ಮನೆಯವರು ತಮ್ಮ ಜಗಲಿಯಲ್ಲಿ ಕೂತು ಪಿನ್ ಕಳುಹಿಸಿದರೆ ನಕ್ಷೆಯ ಲೆಕ್ಕಕ್ಕೆ ಹತ್ತಿರದ ರಸ್ತೆ ಎಂದರೆ ಗುಡ್ಡ ಕಡಿದು ಮಾಡಿದ ಕೆಳಗಿನ ಹೆದ್ದಾರಿ. ಮನೆಯ ಗೇಟು ಇರುವುದು ಹಿಂದಿನ ರಸ್ತೆಯಲ್ಲಿ, ಸುತ್ತು ಹಾಕಿ ಹತ್ತಬೇಕು. ಈಗ ಮೊದಲ ಡೆಲಿವರಿಯ ದಿನ ರೈಡರ್ "ತಲುಪಿದೆ" ಒತ್ತಿದ ಜಾಗವನ್ನೇ ಆ ಮನೆಯ ಜಾಗ ಎಂದು ಉಳಿಸಿಕೊಳ್ಳುತ್ತೇವೆ. ಎರಡನೆಯ ಸಲದಿಂದ ಲೆಕ್ಕ ಗೇಟಿಗೇ ಬರುತ್ತದೆ.

ಹೊಳೆ ಅಡ್ಡ ಬಂದಾಗ

ವಲಯ ಮಾಡುವಾಗ ಪಿನ್‌ಕೋಡನ್ನೂ ನೇರ ದೂರವನ್ನೂ ಬಿಟ್ಟುಬಿಡಬೇಕು. ಮಂಗಳೂರಿನಲ್ಲಿ ನೇರ ದೂರದಷ್ಟು ಸುಳ್ಳು ಬೇರೆ ಯಾವುದೂ ಇಲ್ಲ. ಬೋಳಾರ, ಹೊಯ್ಗೆ ಬಜಾರ್‌ನಿಂದ ಆಚೆ ದಡದ ಕೋಟೆಪುರ ಕಣ್ಣಿಗೆ ಕಾಣುತ್ತದೆ. ಸ್ಕೂಟರಿನಲ್ಲಿ ಹೋಗಬೇಕೆಂದರೆ ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ಉಳ್ಳಾಲ ಎಂದು ಹತ್ತು ಕಿಲೋಮೀಟರಿಗೂ ಮೇಲೆ ಸುತ್ತಬೇಕು. ಉತ್ತರದಲ್ಲಿ ಸುಲ್ತಾನ್ ಬತ್ತೇರಿ ಮತ್ತು ತಣ್ಣೀರುಬಾವಿಯದೂ ಇದೇ ಕಥೆ. ನಡುವೆ ಗುರುಪುರ ಹೊಳೆ, ರಸ್ತೆ ಇರುವುದು ಕೂಳೂರು ಸೇತುವೆಯ ಮೇಲೆ. ಅಕ್ಷಾಂಶ ರೇಖಾಂಶ ಹಿಡಿದು ಹತ್ತಿರದವುಗಳನ್ನು ಗುಂಪು ಮಾಡುವ ಯಾವ ಸುಲಭ ಸೂತ್ರವೂ ಈ ಜೋಡಿಗಳನ್ನು ಒಬ್ಬನೇ ರೈಡರನ ಕೈಗೆ ಕೊಡುತ್ತದೆ.

ಆದ್ದರಿಂದ ದೂರದ ಬದಲು ರಸ್ತೆಯ ಮೇಲಿನ ಪ್ರಯಾಣದ ಹೊತ್ತನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ಅದಕ್ಕೆ ಬಳಸಿದ್ದು ರಸ್ತೆಯ ನಕ್ಷೆಯಿಂದ ದಾರಿ ಮತ್ತು ಹೊತ್ತು ಲೆಕ್ಕ ಹಾಕುವ `OSRM` ಎಂಬ ತಂತ್ರಾಂಶ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದಕ್ಷಿಣ ಭಾರತದ ಕಡತವನ್ನು ಇಳಿಸಿಕೊಂಡು, ನಮಗೆ ಬೇಕಾದ ತುಂಡನ್ನು ಮಾತ್ರ ಕತ್ತರಿಸಿ ಕೊಟ್ಟರೆ ಹಳೆಯ ಲ್ಯಾಪ್‌ಟಾಪಿನಲ್ಲೂ ಇದು ಆರಾಮವಾಗಿ ಓಡುತ್ತದೆ.

```
osmium extract -b 74.75,12.75,75.00,13.05 southern-zone-latest.osm.pbf -o mangaluru.osm.pbf
osrm-extract -p car.lua mangaluru.osm.pbf
osrm-partition mangaluru.osrm
osrm-customize mangaluru.osrm
osrm-routed --algorithm mld mangaluru.osrm
```

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಕಾರಿನ ಓಡಾಟದ ನಿಯಮಗಳಿರುವ `car.lua` ಕಡತ ದೋಣಿ ಮಾರ್ಗವನ್ನೂ ದಾರಿ ಎಂದು ಎಣಿಸಬಲ್ಲದು. ನಕ್ಷೆಯಲ್ಲಿ ಆ ಮಾರ್ಗಕ್ಕೆ "ವಾಹನಕ್ಕಿಲ್ಲ" ಎಂಬ ಗುರುತು ಹಾಕದೆ ಬಿಟ್ಟಿದ್ದರೆ ಸ್ಕೂಟರನ್ನು ದೋಣಿ ಹತ್ತಿಸುತ್ತದೆ. ನಾನು ಆ ಕಡತದ `route_speeds` ಪಟ್ಟಿಯಿಂದ `ferry` ಸಾಲನ್ನೇ ತೆಗೆದುಹಾಕಿದೆ, ಕರಾವಳಿಯಲ್ಲಿ ಯಾರು ಈ ಕೆಲಸ ಮಾಡಿದರೂ ಮೊದಲು ಅದನ್ನು ಮಾಡುವುದು ಒಳ್ಳೆಯದು. ಎರಡನೆಯದು, `OSRM` ರೇಖಾಂಶವನ್ನು ಮೊದಲು, ಅಕ್ಷಾಂಶವನ್ನು ಆಮೇಲೆ ಕೇಳುತ್ತದೆ; ಮೊಬೈಲಿನ ಪಿನ್ ಬರುವುದು ತಿರುವುಮುರುವಾಗಿ. ಅದಲುಬದಲಾದರೆ ನಮ್ಮ ಗ್ರಾಹಕ ನಾರ್ವೆಗೂ ಉತ್ತರದ ಸಮುದ್ರದಲ್ಲಿರುತ್ತಾನೆ. ತಮಾಷೆ ಎಂದರೆ ತಪ್ಪು ಎಂಬ ಸಂದೇಶವೇ ಬರುವುದಿಲ್ಲ. ನಮ್ಮ ನಕ್ಷೆಯ ಅಂಚಿನಲ್ಲಿರುವ ಯಾವುದೋ ರಸ್ತೆಗೆ ಆ ಬಿಂದುವನ್ನು ಅಂಟಿಸಿ, ಗಂಭೀರವಾಗಿ ಒಂದು ಹೊತ್ತನ್ನು ಹೇಳಿಬಿಡುತ್ತದೆ. ಆದ್ದರಿಂದ ಅಕ್ಷಾಂಶ 12.75 ಮತ್ತು 13.05ರ ನಡುವೆ ಇಲ್ಲದ ಆರ್ಡರನ್ನು ಒಳಗೇ ಬಿಡದ ಒಂದು ಸಾಲಿನ ಕಾವಲು ಹಾಕಿದ್ದೇನೆ.

`OSRM`ಗೆ ಆ ಹೊತ್ತಿನ ವಾಹನ ದಟ್ಟಣೆ ತಿಳಿಯದು. ನಂತೂರು ಜಂಕ್ಷನ್ನಿನಲ್ಲಿ ಸೋಮವಾರ ಒಂಬತ್ತಕ್ಕೆ ಏನಾಗುತ್ತದೆ ಎಂಬ ಅನುಭವ ಅದಕ್ಕಿಲ್ಲ. ರೈಡರುಗಳ ಗುಂಡಿಯ ದಾಖಲೆಯನ್ನು ಅದು ಹೇಳಿದ ಹೊತ್ತಿನ ಪಕ್ಕದಲ್ಲಿಟ್ಟು ಒಂದು ಅನುಪಾತ ತೆಗೆದೆ. ಭಾನುವಾರ ಬೆಳಗ್ಗೆ ಅದರ ಲೆಕ್ಕ ಹೆಚ್ಚು ಕಡಿಮೆ ಸರಿಯಿರುತ್ತದೆ, ವಾರದ ದಿನ 8.30 ದಾಟಿದ ಮೇಲೆ ವೇಗವನ್ನು 0.7ರಿಂದ ಗುಣಿಸಬೇಕು, ಜೋರು ಮಳೆಯಿದ್ದರೆ ಇನ್ನೂ ಕಡಿಮೆ. ಇದಕ್ಕಿಂತ ಸೂಕ್ಷ್ಮವಾಗಿ ಹೋಗುವ ಅಗತ್ಯ ಬೀಳಲಿಲ್ಲ.

ಕೊನೆಗೆ ಮೂರು ವಲಯಗಳಾದವು. ದಕ್ಷಿಣ ಎಂದರೆ ನೇತ್ರಾವತಿಯ ಆಚೆ: ತೊಕ್ಕೊಟ್ಟು, ಉಳ್ಳಾಲ, ದೇರಳಕಟ್ಟೆ. ಉತ್ತರ ಎಂದರೆ ಕೊಟ್ಟಾರ ಚೌಕಿಯಿಂದ ಕೂಳೂರು ದಾಟಿ ಸುರತ್ಕಲ್‌ವರೆಗೆ, ಜೊತೆಗೆ ಕಾವೂರು. ಉಳಿದದ್ದು ನಗರ.

ಸ್ಲಾಟಿನಲ್ಲಿ ಎಷ್ಟು ಮನೆ ಹಿಡಿಸುತ್ತದೆ

ಭಾನುವಾರದ ಸ್ಲಾಟುಗಳನ್ನು 7.30ರಿಂದ 9 ಮತ್ತು 9ರಿಂದ 10.30 ಎಂದು ಇಟ್ಟುಕೊಂಡೆವು. ತಲಾ 90 ನಿಮಿಷ. ಒಂದು ಗಂಟೆಯ ಸ್ಲಾಟ್ ಕೊಡೋಣ, ಜನಕ್ಕೆ ಇಷ್ಟವಾಗುತ್ತದೆ ಎಂದು ಭಾವ ಹೇಳಿದರು. ಇಷ್ಟವಾಗುತ್ತದೆ ನಿಜ, ಆದರೆ ಸ್ಲಾಟ್ ಕಿರಿದಾದಷ್ಟೂ ಪಕ್ಕಪಕ್ಕದ ಮನೆಗಳು ಬೇರೆ ಬೇರೆ ಸ್ಲಾಟಿಗೆ ಬೀಳುತ್ತವೆ, ರೈಡರ್ ಅದೇ ಬೀದಿಗೆ ಮತ್ತೆ ಹೋಗಬೇಕಾಗುತ್ತದೆ.

90 ನಿಮಿಷವನ್ನೂ ತುಂಬಿಸಬಾರದು. ಬಾಗಿಲು ತೆರೆಯದವರು, ಚಿಲ್ಲರೆಗೆ ಪಕ್ಕದ ಮನೆಗೆ ಓಡುವವರು, ಎದುರು ಬಂದ ದಿಬ್ಬಣ ಎಂದು ನೂರಕ್ಕೆ 15 ಪಾಲು ಬದಿಗಿಟ್ಟರೆ ಉಳಿಯುವುದು ಸುಮಾರು 76 ನಿಮಿಷ. ದಕ್ಷಿಣದಲ್ಲಿ ಮನೆಯಿಂದ ಮನೆಗೆ ಸರಾಸರಿ 7 ನಿಮಿಷ, ಬಾಗಿಲಿನಲ್ಲಿ 4, ಒಟ್ಟು 11. 76ನ್ನು 11ರಿಂದ ಭಾಗಿಸಿದರೆ 6.9, ಅಂದರೆ 6 ಮನೆ. ಉತ್ತರದಲ್ಲಿ 6 ಮತ್ತು 4 ಸೇರಿ 10 ನಿಮಿಷ, ಅಲ್ಲಿಗೆ 7 ಮನೆ. ನಗರದಲ್ಲಿ ಮನೆಗಳ ನಡುವೆ 3 ನಿಮಿಷ, ಫ್ಲ್ಯಾಟುಗಳಿಂದಾಗಿ ಬಾಗಿಲಿಗೆ 5, ಒಟ್ಟು 8, ಅಲ್ಲಿಗೆ 9 ಮನೆ. ಭಾಗಾಕಾರದಲ್ಲಿ ಉಳಿದದ್ದನ್ನು ಮೇಲಕ್ಕೆ ಏರಿಸುವ ಆಸೆಯಾಗುತ್ತದೆ. ಆ ಏಳನೆಯ ಮನೆಯೇ ಫೋನ್ ಮಾಡುವ ಮನೆ.

ಅಂಗಡಿಯಿಂದ ವಲಯಕ್ಕೆ ಹೋಗುವ ಹೊತ್ತು ಈ 90 ನಿಮಿಷದ ಒಳಗೆ ಬರುವುದಿಲ್ಲ, ಸ್ಲಾಟ್ ತೆರೆಯುವ ಮೊದಲೇ ರೈಡರ್ ಹೊರಟಿದ್ದರೆ. ದಕ್ಷಿಣಕ್ಕೆ 22 ನಿಮಿಷ ಬೇಕು, ಹಾಗಾಗಿ 7.05ಕ್ಕೆ ಹೊರಡಬೇಕು. ಅವನು ನಡುವೆ ಅಂಗಡಿಗೆ ಮರಳಿದರೆ ಹೋಗಿಬರುವ 44 ನಿಮಿಷ ನೇರವಾಗಿ ಎರಡನೆಯ ಸ್ಲಾಟಿನಿಂದ ಕಳೆದುಹೋಗುತ್ತದೆ, ಎಂದರೆ ನಾಲ್ಕು ಮನೆ. ಆದ್ದರಿಂದ ದೂರದ ವಲಯದವರು ಎರಡೂ ಸ್ಲಾಟಿನ ಮೀನನ್ನು ಒಂದೇ ಸಲ ಒಯ್ಯುತ್ತಾರೆ. ಸ್ಕೂಟರಿನ ಐಸ್ ಪೆಟ್ಟಿಗೆ 25 ಕಿಲೋ ಹಿಡಿಯುತ್ತದೆ, ಮೂರನೆಯ ಒಂದು ಪಾಲು ಐಸ್ ಕಳೆದರೆ ಮೀನಿಗೆ 17 ಕಿಲೋ. ಮನೆಗೆ ಸರಾಸರಿ 1.3 ಕಿಲೋ ಎಂದರೆ 12 ಮನೆಗೆ 15.6 ಕಿಲೋ, ಪೆಟ್ಟಿಗೆಯೊಳಗೇ ಮುಗಿಯುತ್ತದೆ. ನಗರದ ರೈಡರ್ ಹತ್ತಿರದಲ್ಲೇ ಇರುವುದರಿಂದ ಅವರು 8.50ಕ್ಕೆ ಮರಳಿ ಎರಡನೆಯ ಕಂತು ತುಂಬಿಕೊಳ್ಳುತ್ತಾರೆ.

ಆರ್ಡರುಗಳನ್ನು ಹಂಚುವುದು

ಹಂಚಿಕೆಗೆ `VROOM`. ಇದು `OSRM`ನ ಹೊತ್ತಿನ ಕೋಷ್ಟಕವನ್ನು ತಾನೇ ಕೇಳಿಕೊಂಡು, ಯಾವ ಆರ್ಡರ್ ಯಾವ ವಾಹನಕ್ಕೆ, ಯಾವ ಕ್ರಮದಲ್ಲಿ ಎಂದು ಹೇಳುತ್ತದೆ. ನಾಲ್ಕೈದು ಡಜನ್ ಆರ್ಡರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ದಕ್ಷಿಣದ ಸ್ಕೂಟರ್ ಮತ್ತು ಒಂದು ಆರ್ಡರ್ ಹೀಗೆ ಕಾಣುತ್ತವೆ:

```json
{
  "vehicles": [
    {"id": 1, "start": [74.855, 12.862], "end": [74.855, 12.862],
     "capacity": [170], "skills": [1],
     "time_window": [25500, 40500]}
  ],
  "jobs": [
    {"id": 101, "location": [74.858, 12.817], "delivery": [13],
     "setup": 60, "service": 180, "skills": [1],
     "time_windows": [[27000, 32400]]}
  ]
}
```

ಹೊತ್ತೆಲ್ಲ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು: 25500 ಎಂದರೆ 7.05, 27000 ಎಂದರೆ 7.30. ತೂಕಕ್ಕೆ ಪೂರ್ಣಾಂಕವೇ ಬೇಕು, ಆದ್ದರಿಂದ ನೂರು ಗ್ರಾಮಿನ ಲೆಕ್ಕದಲ್ಲಿ ಬರೆದಿದ್ದೇನೆ. 13 ಎಂದರೆ 1.3 ಕಿಲೋ. `skills` ಒಂದು ಎಂದರೆ ದ್ವಿಚಕ್ರ ವಾಹನವೇ ಆಗಬೇಕಾದ ಓಣಿ, ಅಲ್ಲಿಗೆ ರಿಕ್ಷಾ ಹೋಗದು.

`setup` ಮತ್ತು `service` ಬೇರೆ ಬೇರೆ ಇರುವುದು ಫ್ಲ್ಯಾಟುಗಳಿಗೆ ವರದಾನ. ಒಂದೇ ಜಾಗದಲ್ಲಿ ಸಾಲಾಗಿ ಎರಡು ಮನೆಗಳಿದ್ದರೆ `setup` ಒಮ್ಮೆ ಮಾತ್ರ ಎಣಿಕೆಯಾಗುತ್ತದೆ, ನಮ್ಮ ಕಾವಲುಗಾರನ ಪುಸ್ತಕ ಮತ್ತು ಲಿಫ್ಟಿನಂತೆಯೇ. ಆದರೆ ಅದಕ್ಕೆ ಒಂದೇ ಜಾಗ ಎಂದು ತಿಳಿಯುವುದು ಅಂಕಿಗಳು ಒಂದೇ ಆಗಿದ್ದಾಗ. ಮೂರನೆಯ ಮಹಡಿಯ ಪಿನ್‌ಗೂ ಏಳನೆಯ ಮಹಡಿಯ ಪಿನ್‌ಗೂ ಕೊನೆಯ ಅಂಕಿ ಬೇರೆಯಾದರೂ ಎರಡು ಸಲ ಲಿಫ್ಟ್ ಕಾಯಿಸುತ್ತದೆ. ಹಾಗಾಗಿ ಕಟ್ಟಡಗಳಿಗೆ ಒಂದು ಪ್ರತ್ಯೇಕ ಪಟ್ಟಿ ಮಾಡಿ, ಆ ಕಟ್ಟಡದ ಎಲ್ಲ ಮನೆಗಳಿಗೂ ಗೇಟಿನ ಜಾಗವನ್ನೇ ಕೊಟ್ಟಿದ್ದೇನೆ.

ಮರಳಿ ಬಂದು ಇನ್ನೊಮ್ಮೆ ತುಂಬಿಕೊಳ್ಳುವುದು ಎಂಬ ಕಲ್ಪನೆ `VROOM`ನಲ್ಲಿ ಇಲ್ಲ. ಅದಕ್ಕೆ ದಾರಿ ಸುಲಭ: ನಗರದ ರೈಡರನ್ನು ಎರಡು ವಾಹನ ಎಂದು ಬರೆಯುವುದು. 3ನೆಯ ವಾಹನ 7.20ರಿಂದ 9ರವರೆಗೆ, 4ನೆಯದು 9ರಿಂದ 11ರವರೆಗೆ. ಅವರು ಮಾತ್ರ ಇದನ್ನು ಕೇಳಿ, "ಹಾಗಾದರೆ ಸಂಬಳವೂ ಇಬ್ಬರದೇ?" ಎಂದರು.

ನಿಜಕ್ಕೂ ಸಂಬಳದ ಪ್ರಶ್ನೆ ಇತ್ತು. `VROOM` ನೋಡುವುದು ಮೊದಲು ಎಷ್ಟು ಆರ್ಡರ್ ಮುಗಿಯುತ್ತದೆ ಎಂಬುದನ್ನು, ಆಮೇಲೆ ಒಟ್ಟು ಪ್ರಯಾಣದ ಹೊತ್ತನ್ನು. ರೈಡರುಗಳ ನಡುವೆ ಸಮ ಹಂಚಿಕೆಯಾಯಿತೇ ಎಂಬುದು ಅದರ ಕಾಳಜಿಯಲ್ಲ. ಮನೆಗೆ ಇಷ್ಟು ಎಂದು ಹಣ ಕೊಡುತ್ತಿದ್ದ ಕಾಲದಲ್ಲಿ ನಗರದವರಿಗೆ 18 ಮನೆ, ಉಳ್ಳಾಲದ ಹುಡುಗನಿಗೆ 12 ಎಂದರೆ ಜಗಳ ಖಚಿತ. ಅವನು ಓಡಿಸಿದ ದೂರ ನೋಡಿದರೆ ಅವನ ದೂರು ನ್ಯಾಯವೇ. `max_tasks` ಎಂದು ಮನೆಗಳಿಗೆ ಮಿತಿ ಹಾಕಬಹುದಿತ್ತು, ಆದರೆ ಸಮಾನತೆಗಾಗಿ ಬಿಜೈಯ ಮನೆಯೊಂದನ್ನು ಉಳ್ಳಾಲದವನಿಗೆ ಕೊಟ್ಟರೆ ಯಾರಿಗೂ ಲಾಭವಿಲ್ಲ. ಬದಲಿಗೆ ಮನೆಗೆ ಇಷ್ಟು, ಕಿಲೋಮೀಟರಿಗೆ ಇಷ್ಟು ಎಂದು ಎರಡು ಭಾಗ ಮಾಡಿ ಕೊಡುವುದಾಗಿ ಭಾವ ಒಪ್ಪಿದರು. ಹಂಚಿಕೆಯನ್ನು ಕೆಡಿಸದೆ ಜಗಳ ನಿಂತಿತು.

41 ಆರ್ಡರಿನ ಒಂದು ಭಾನುವಾರ

ದಕ್ಷಿಣಕ್ಕೆ 12, ಉತ್ತರಕ್ಕೆ 11, ನಗರಕ್ಕೆ ಮೊದಲ ಕಂತಿನಲ್ಲಿ 9, ಎರಡನೆಯದರಲ್ಲಿ 9. ರೂಟ್ ಚೆನ್ನಾಗಿಯೇ ಬಂತು. ಆದರೆ ರೂಟಿಗಿಂತ ಮೊದಲು ಕತ್ತಿ ಇದೆ. ಮೀನು ದಕ್ಕೆಯಿಂದ ಅಂಗಡಿ ತಲುಪುವುದು 6.15ಕ್ಕೆ. ಅಂಜಲ್ ತುಂಡು ಮಾಡುವುದು ಬೇಗ, ಬೂತಾಯಿಯ ತಲೆ ಮುರಿದು ಹೊಟ್ಟೆ ತೆಗೆಯುವುದು ನಿಧಾನ. ಸರಾಸರಿ ಒಂದು ಆರ್ಡರಿಗೆ 4 ನಿಮಿಷ. ಇಬ್ಬರು ಕೂತರೆ 41 ಆರ್ಡರಿಗೆ 82 ನಿಮಿಷ, ಎಂದರೆ ಎಲ್ಲ ಮುಗಿಯುವಾಗ 7.37.

ಮೊದಲಿನಿಂದಲೂ ಅವರು ಕೊಯ್ಯುತ್ತಿದ್ದದ್ದು ಪುಸ್ತಕದ ಕ್ರಮದಲ್ಲಿ, ರಾತ್ರಿ ಯಾರು ಮೊದಲು ಬರೆದರೋ ಅವರದು ಮೊದಲು. ಆ ಕ್ರಮದಲ್ಲಿ ದಕ್ಷಿಣದ 12 ಪೊಟ್ಟಣಗಳು 41ರ ನಡುವೆ ಅಲ್ಲಲ್ಲಿ ಚೆಲ್ಲಿರುತ್ತವೆ, ಕೊನೆಯದು ಕೈಗೆ ಬರುವುದು ಕೊನೆಯ ಹೊತ್ತಿಗೆ. ಅವನು 7.40ಕ್ಕೆ ಹೊರಟು 8.02ಕ್ಕೆ ಸೇತುವೆಯ ಆಚೆ ಮೊದಲ ಮನೆ ತಲುಪುತ್ತಾನೆ. 90 ನಿಮಿಷದಲ್ಲಿ 32 ಹೋಯಿತು, ಮನೆಗೆ 11ರಂತೆ ಮೂರು ಮನೆ ತಡ. ಭಾವ ಇಷ್ಟು ದಿನ ರೂಟಿನ ತಪ್ಪು ಎಂದುಕೊಂಡದ್ದರಲ್ಲಿ ಅರ್ಧ ಪಾಲು ಇದೇ ಆಗಿತ್ತು.

ಈಗ ರೂಟ್ ಸಿದ್ಧವಾದ ಕೂಡಲೇ ಅದರಿಂದಲೇ ಕೊಯ್ಯುವ ಪಟ್ಟಿ ಮುದ್ರಣವಾಗುತ್ತದೆ. ದಕ್ಷಿಣದ 12 ಮೊದಲು: 24 ನಿಮಿಷ, 6.39ಕ್ಕೆ ಮುಗಿಯುತ್ತದೆ. ಆಮೇಲೆ ಉತ್ತರದ 11: 22 ನಿಮಿಷ, 7.01. ನಗರದ ಮೊದಲ 9 ಪೊಟ್ಟಣ 7.19ಕ್ಕೆ, ಎರಡನೆಯ 9 ಪೊಟ್ಟಣ 7.37ಕ್ಕೆ. ದಕ್ಷಿಣದವನು 7.05ಕ್ಕೆ ಹೊರಡಬೇಕಿತ್ತು, ಪೆಟ್ಟಿಗೆ 26 ನಿಮಿಷ ಮೊದಲೇ ಸಿದ್ಧ. ಉತ್ತರದ ರಿಕ್ಷಾ 7.08ಕ್ಕೆ, ನಗರದ ಸ್ಕೂಟರ್ 7.22ಕ್ಕೆ. ಒಬ್ಬರನ್ನೂ ಹೆಚ್ಚಿಗೆ ನೇಮಿಸಲಿಲ್ಲ, ಯಾರನ್ನೂ ಬೇಗ ಎಬ್ಬಿಸಲಿಲ್ಲ. ಒಂದೊಂದು ವಲಯದೊಳಗಿನ ಕ್ರಮವೂ ತಲೆಕೆಳಗು: ಕೊನೆಯ ಮನೆಯದನ್ನು ಮೊದಲು ಕೊಯ್ದು ಪೆಟ್ಟಿಗೆಯ ತಳಕ್ಕೆ ಹಾಕುತ್ತಾರೆ, ಮೊದಲ ಮನೆಯದು ಮೇಲೆ. ರೈಡರ್ ರಸ್ತೆಯ ಬದಿಯಲ್ಲಿ ನಿಂತು ಐಸಿನೊಳಗೆ ಕೈ ಹಾಕಿ ಹುಡುಕುವುದು ನಿಂತಿತು.

ಮುದ್ರಿಸುವ ಮೊದಲು ಒಂದು ತಾಳೆ ನೋಡಬೇಕು. ಕೊಯ್ಯುವ ಹೊತ್ತಿನ ಮೊತ್ತ ಹೊರಡುವ ಹೊತ್ತನ್ನು ದಾಟಿದರೆ ಆ ವಾಹನದ `time_window` ಆರಂಭವನ್ನು ಮುಂದಕ್ಕೆ ಹಾಕಿ `VROOM`ನ್ನು ಮತ್ತೆ ಓಡಿಸಬೇಕು. ಸಿಗಡಿ ಹೆಚ್ಚಿರುವ ದಿನ ಹೀಗಾಗುತ್ತದೆ, ಸುಲಿಯುವುದಕ್ಕೆ ದುಪ್ಪಟ್ಟು ಹೊತ್ತು.

ಭಾನುವಾರದ ಇನ್ನೊಂದು ವಿಶೇಷ ನಮ್ಮ ಬೀದಿಯದು. ವೆಲೆನ್ಸಿಯಾ, ಬಿಜೈ ಕಡೆಯ ಕ್ರೈಸ್ತ ಮನೆಗಳಲ್ಲಿ ಬೆಳಗ್ಗೆ ಬಲಿಪೂಜೆಗೆ ಹೋದವರು ಮರಳುವವರೆಗೆ ಬಾಗಿಲಿಗೆ ಬೀಗ. ಗ್ರಾಹಕರ ಪಟ್ಟಿಯಲ್ಲಿ ಅಂಥ ಮನೆಗಳಿಗೆ ಗುರುತು ಹಾಕಿ, ಅವರಿಗೆ ಭಾನುವಾರ 9ರ ಸ್ಲಾಟನ್ನೇ ಮೊದಲು ತೋರಿಸುತ್ತೇವೆ. ಅವರಿಗೂ ಅದೇ ಬೇಕಿತ್ತು, ಕೇಳುವವರಿರಲಿಲ್ಲ.

ರಾತ್ರಿ ಯಾರಿಗೆ ಏನು ತೋರಿಸಬೇಕು

ಆರ್ಡರ್ ಬಂದ ಹಾಗೆ ಅದನ್ನು ಸೇರಿಸಿ `VROOM` ಓಡಿಸಿ, ಉತ್ತರದಲ್ಲಿ `unassigned` ಖಾಲಿ ಇದ್ದರೆ ಸ್ಲಾಟ್ ಕೊಡುವುದು ಎಂಬುದು ಚೆನ್ನಾಗಿ ಕೇಳಿಸುತ್ತದೆ. ಸಂಜೆ ಐದಕ್ಕೆ ಮೂರೇ ಆರ್ಡರ್ ಇರುವಾಗ ಅದು ಎಲ್ಲರಿಗೂ ಹೂಂ ಎನ್ನುತ್ತದೆ. ಸುರತ್ಕಲ್ ಆಚೆಗೆ ಒಬ್ಬರಿಗೆ 7.30, ದೇರಳಕಟ್ಟೆಯ ಒಬ್ಬರಿಗೆ 7.30, ನೀರುಮಾರ್ಗದ ಒಬ್ಬರಿಗೆ 7.30. ಆಗ ಎಲ್ಲವೂ ಸಾಧ್ಯ. ರಾತ್ರಿ ಎಂಟಕ್ಕೆ ದಿನವೂ ತರಿಸುವ ತೊಕ್ಕೊಟ್ಟಿನವರು ಬಂದಾಗ ಜಾಗವಿಲ್ಲ, ಏಕೆಂದರೆ ಮೊದಲು ಬಂದ ಚದುರಿದ ಮೂರು ಮನೆಗಳು ಏಳೆಂಟು ಮನೆಗಳ ಹೊತ್ತನ್ನು ತಿಂದಿರುತ್ತವೆ.

ಅದಕ್ಕೆ ವಲಯವಾರು ಕೋಟಾ: ಸ್ಲಾಟಿಗೆ ದಕ್ಷಿಣ 6, ಉತ್ತರ 7, ನಗರ 9. ವಿಳಾಸ ನೋಡಿ ಆ ವಲಯದಲ್ಲಿ ಉಳಿದಿರುವ ಸ್ಲಾಟನ್ನು ಮಾತ್ರ ತೋರಿಸುತ್ತೇವೆ, ಆಮೇಲಷ್ಟೇ `VROOM` ತಾಳೆ. ಹತ್ತಿರದಲ್ಲಿ ಈಗಾಗಲೇ ಒಂದು ಆರ್ಡರ್ ಇದ್ದರೆ ಆ ಸ್ಲಾಟ್ ಪಟ್ಟಿಯ ಮೇಲೆ ಬರುತ್ತದೆ, ಮುಂದೆ "ನಿಮ್ಮ ಬೀದಿಗೆ ಈ ಹೊತ್ತಿಗೆ ಬರುತ್ತೇವೆ" ಎಂಬ ಸಾಲು. ರಿಯಾಯಿತಿ ಏನೂ ಇಲ್ಲ, ಆದರೂ ಬಹಳಷ್ಟು ಜನ ಮೇಲಿರುವುದನ್ನೇ ಒತ್ತುತ್ತಾರೆ. ರೂಟ್ ಚಿಕ್ಕದಾದದ್ದು `VROOM`ನ ಜಾಣತನಕ್ಕಿಂತ ಈ ಸಾಲಿನಿಂದಲೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ರಾತ್ರಿ ಎಂಟು ದಾಟಿದ ಮೇಲೆ ಯಾವ ವಲಯದಲ್ಲಿ ಜಾಗ ಉಳಿದಿದೆಯೋ ಅದನ್ನು ಗಡಿಯ ಊರುಗಳಿಗೆ ಬಿಟ್ಟುಕೊಡುತ್ತೇವೆ. ಒಂಬತ್ತಕ್ಕೆ ಆರ್ಡರ್ ಬಂದ್.

ಗ್ರಾಹಕರಿಗೆ ಹೇಳುವ ಹೊತ್ತಿನ ಬಗ್ಗೆಯೂ ಒಂದು ಮಾತು. `VROOM` 8.13 ಎಂದು ನಿಮಿಷದ ಲೆಕ್ಕ ಕೊಡುತ್ತದೆ. ಅದನ್ನು ಹಾಗೆಯೇ ಕಳುಹಿಸಿದರೆ 8.14ಕ್ಕೆ ಫೋನ್ ಬರುತ್ತದೆ. ಬೆಳಗ್ಗೆ ರೈಡರ್ ಹೊರಟಾಗ "ಸುಮಾರು 8ರಿಂದ 8.30ರ ನಡುವೆ" ಎಂದಷ್ಟೇ ಸಂದೇಶ ಹೋಗುತ್ತದೆ. ಹಿಂದಿನ ಮನೆಯಲ್ಲಿ "ಹೊರಟೆ" ಒತ್ತಿದಾಗ ಮುಂದಿನವರಿಗೆ ಇನ್ನೊಂದು.

ಹೊರಟ ಮೇಲೆ ಕೆಟ್ಟರೆ

ರೈಡರ್ ಹೊರಟ ಮೇಲೆ ಹಂಚಿಕೆ ಬದಲಿಸಲು ಬರುವುದಿಲ್ಲ, ಮೀನು ಅವನ ಪೆಟ್ಟಿಗೆಯಲ್ಲಿದೆ. ಆದರೆ ಕ್ರಮ ಬದಲಿಸಬಹುದು. ಕೂಳೂರು ಸೇತುವೆಯಲ್ಲಿ ಲಾರಿ ಕೆಟ್ಟು ನಿಂತಿತು, ಒಬ್ಬರು ಹತ್ತಕ್ಕೆ ಬನ್ನಿ ಎಂದರು, ಹೀಗೆ. ಆಗ ಉಳಿದ ಮನೆಗಳನ್ನು ಮಾತ್ರ ಇಟ್ಟು, ರೈಡರ್ ಈಗ ಇರುವ ಜಾಗವನ್ನು `start` ಎಂದು ಕೊಟ್ಟು ಮತ್ತೆ ಓಡಿಸುತ್ತೇವೆ. ತುಂಬಿದ ಆರ್ಡರುಗಳು ಬೇರೆಯವರಿಗೆ ಹಾರದಂತೆ ಒಂದು ಉಪಾಯ: 1ನೆಯ ವಾಹನಕ್ಕೆ 901 ಎಂಬ `skills` ಕೊಟ್ಟು, ಅದರ ಪೆಟ್ಟಿಗೆಯ ಎಲ್ಲ ಆರ್ಡರುಗಳಿಗೂ 901ನ್ನೇ ಕಡ್ಡಾಯ ಮಾಡುವುದು, 2ನೆಯದಕ್ಕೆ 902, ಹೀಗೆ. ಅಂಗಡಿಯಲ್ಲೇ ಇರುವ ನಗರದ ಎರಡನೆಯ ಕಂತಿಗೆ ಈ ಬೀಗ ಹಾಕುವುದಿಲ್ಲ.

ಸ್ಕೂಟರ್ ಪಂಕ್ಚರ್ ಆದರೆ ಮಾತ್ರ ಲೆಕ್ಕಕ್ಕಿಂತ ಫೋನು ಬೇಗ. ಬಾಗಿಲು ತೆರೆಯದ ಮನೆಗೆ ನಿಯಮ ಒಂದೇ: ಮೂರು ನಿಮಿಷ ಕಾಯುವುದು, ಕರೆ ಮಾಡುವುದು, ಪಕ್ಕದ ಮನೆಯಲ್ಲಿ ಕೊಡುವುದು. ಮರಳಿ ಬರುತ್ತೇನೆ ಎಂದು ರೈಡರ್ ಮಾತು ಕೊಡುವಂತಿಲ್ಲ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಆರ್ಡರ್ ಅರ್ಧಕ್ಕೂ ಇಳಿಯುತ್ತದೆ, ಮಳೆಯಿಂದ ವೇಗವೂ ಇಳಿಯುತ್ತದೆ. ಆಗ ದಕ್ಷಿಣ ಮತ್ತು ನಗರವನ್ನು ಒಬ್ಬನೇ ರೈಡರಿಗೆ ಕೊಡಬಹುದೇ ಎಂದು ನೋಡಿದೆ. 9ರ ಸ್ಲಾಟಿಗೆ ದಕ್ಷಿಣ, 7.30ರ ಸ್ಲಾಟಿಗೆ ನಗರ ಎಂದು ಕಡ್ಡಾಯ ಮಾಡಿದರೆ ಮಾತ್ರ ಆಗುತ್ತದೆ, ಸೇತುವೆ ದಾಟುವುದು ಒಂದೇ ಸಲ. ಪಡೀಲ್ ಕಡೆಯ ಮನೆಗಳು ಯಾವ ವಲಯಕ್ಕೆ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ: ಹೊತ್ತಿನ ಲೆಕ್ಕದಲ್ಲಿ ನಗರಕ್ಕೆ ಹತ್ತಿರ, ಆದರೆ ಅಲ್ಲಿನ ಓಣಿಗಳೆಲ್ಲ ಗೊತ್ತಿರುವುದು ಉಳ್ಳಾಲದ ಹುಡುಗನಿಗೆ. ಸದ್ಯಕ್ಕೆ ಎರಡೂ ವಲಯದ ಕೋಟಾದಲ್ಲಿ ಆ ಮನೆಗಳಿಗೆ ಅವಕಾಶ ಇಟ್ಟು, ಆಯ್ಕೆಯನ್ನು `VROOM`ಗೆ ಬಿಟ್ಟಿದ್ದೇನೆ.